ಕಾರಣ ಕೇಳಿ ನೋಟಿಸ್: ಜನವರಿ 17ರ ಸಂಜೆ ಟ್ರಿಪ್ಪಿನ ಟಿಕೆಟ್ ವಿಚಾರ

ಉಡುಪಿ ಆಫೀಸು
20 ಜನವರಿ 2026

ಹರೀಶ್ ಅವರಿಗೆ,
ಕಂಡಕ್ಟರ್, ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್

ನಿಮ್ಮ ಮೇಲೆ ಒಂದು ದೂರು ಬಂದಿದೆ. ಅದೇನು, ನಮ್ಮ ಕೈಯಲ್ಲಿ ಏನೇನಿದೆ, ಏನಿಲ್ಲ ಎಂದು ಇಲ್ಲಿ ಬರೆದಿದ್ದೇನೆ. ಇದಕ್ಕೆ ನಿಮ್ಮ ಉತ್ತರ ಬೇಕು. ತೀರ್ಮಾನ ಯಾವುದೂ ಆಗಿಲ್ಲ. ಸರ್ವಿಸ್ ಸ್ಟ್ಯಾಂಡಿನಲ್ಲಿ "ಹರೀಶ್ ಕೆಲಸ ಹೋಯ್ತು" ಎಂದು ಯಾರೋ ಹೇಳುತ್ತಿದ್ದಾರಂತೆ, ಅದು ಸುಳ್ಳು.

ದೂರು ಹೀಗಿದೆ. ಜನವರಿ 17, ಶನಿವಾರ ಸಂಜೆ 5.15ಕ್ಕೆ ಮಂಗಳೂರು ಸ್ಟೇಟ್ ಬ್ಯಾಂಕಿನಿಂದ ಹೊರಟ ಬಸ್ಸಿನಲ್ಲಿ ನೀವು ಡ್ಯೂಟಿಯಲ್ಲಿದ್ದಿರಿ. 6.40ಕ್ಕೆ ಪಡುಬಿದ್ರಿಯಲ್ಲಿ ಚೆಕ್ಕರ್ ಹತ್ತಿದರು. 11 ಪ್ರಯಾಣಿಕರ ಬಳಿ ಟಿಕೆಟ್ ಇರಲಿಲ್ಲ. ಅವರಲ್ಲಿ 7 ಜನ "ಕಂಡಕ್ಟರ್ ಇನ್ನೂ ಹತ್ತಿರ ಬಂದಿಲ್ಲ" ಎಂದರು. ಈ 7 ಜನರ ವಿಷಯ ನಿಮ್ಮ ಮೇಲೆ ಹೊರಿಸುತ್ತಿಲ್ಲ. ಮರುದಿನ ಬೆಳಗ್ಗೆ ಪರ್ಯಾಯ, ಊರಿಗೆ ಊರೇ ಉಡುಪಿಗೆ ಹೊರಟಿತ್ತು, ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ ಎಂದು ಚೆಕ್ಕರೇ ಬರೆದುಕೊಟ್ಟಿದ್ದಾರೆ.

ಉಳಿದ 4 ಜನರದ್ದೇ ಪ್ರಶ್ನೆ. ಸುರತ್ಕಲ್‌ನಲ್ಲಿ ಹತ್ತಿ ತಲಾ 60 ರೂಪಾಯಿ ಕೊಟ್ಟೆವು, ಟಿಕೆಟ್ ಸಿಗಲಿಲ್ಲ ಎಂಬುದು ಅವರ ಮಾತು. ಟಿಕೆಟ್ ಮಷೀನಿನ ಪ್ರಕಾರ ಆ ಟ್ರಿಪ್ಪಿನ ಕಲೆಕ್ಷನ್ 4,870 ರೂಪಾಯಿ, ಚಿಲ್ಲರೆಗೆಂದು ನಾವು ಕೊಟ್ಟದ್ದು 500. ಬ್ಯಾಗಿನಲ್ಲಿ 5,370 ಇರಬೇಕಿತ್ತು. ಚೆಕ್ಕರ್ ನಿಮ್ಮೆದುರೇ ಎಣಿಸಿದಾಗ ಇದ್ದದ್ದು 5,610. ಜಾಸ್ತಿ ಇದ್ದದ್ದು 240, ಅಂದರೆ ಸರಿಯಾಗಿ ನಾಲ್ಕು ಟಿಕೆಟಿನ ಹಣ. ಇನ್ನೊಂದು, ಮಷೀನಿನಲ್ಲಿ ಕೊನೆಯ ಟಿಕೆಟ್ ಹರಿದದ್ದು 5.51ಕ್ಕೆ, ಆಮೇಲೆ ಚೆಕ್ಕಿಂಗ್ ತನಕ 49 ನಿಮಿಷ ಒಂದೂ ಇಲ್ಲ.

ಹಾಗಾಗಿ ಮೊದಲ ಆರೋಪ: ನಾಲ್ವರಿಂದ 240 ರೂಪಾಯಿ ಪಡೆದು, ಟಿಕೆಟ್ ಕೊಡದೆ, ಆ ಹಣವನ್ನು ನೀವೇ ಇಟ್ಟುಕೊಳ್ಳುವ ಉದ್ದೇಶ ನಿಮಗಿತ್ತು ಎಂಬುದು.

ಎರಡನೆಯದು: ಎಣಿಸುವ ಹೊತ್ತಿಗೆ ಪ್ರಯಾಣಿಕರ ಎದುರಲ್ಲೇ ಚೆಕ್ಕರ್‌ಗೆ ತುಳುವಿನಲ್ಲಿ ಕೆಟ್ಟದಾಗಿ ಬೈದಿರಿ ಎಂಬುದು. ಬೈದ ಮಾತನ್ನು ಇಲ್ಲಿ ಬರೆಯುವುದಿಲ್ಲ, ಅವರ ಹೇಳಿಕೆಯಲ್ಲಿ ಇದ್ದ ಹಾಗೆಯೇ ಇದೆ, ಓದಿ ನೋಡಿ. ಹೇಳಿದ್ದು ಬೇರೆ ಎಂದಾದರೆ, ಹೇಳಿದ್ದೇನು ಎಂದು ಬರೆಯಿರಿ. ಅವರು ಮೊದಲು ಏನಾದರೂ ಅಂದಿದ್ದರೆ ಅದನ್ನೂ ಬರೆಯಿರಿ.

ಈಗ ನಮ್ಮ ಹತ್ತಿರ ಏನಿಲ್ಲ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ನೀವು ಯಾವುದಕ್ಕೆ ಉತ್ತರ ಕೊಡುವುದು? ಆ ನಾಲ್ವರಲ್ಲಿ ಇಬ್ಬರ ಹೇಳಿಕೆ ಮಾತ್ರ ಸಹಿ ಸಮೇತ ಇದೆ, ಉಳಿದಿಬ್ಬರು ಕಟಪಾಡಿಯಲ್ಲಿ ಇಳಿದು ಹೋದರು, ಅವರ ಹೆಸರೂ ನಂಬರೂ ಯಾರೂ ಬರೆದುಕೊಂಡಿಲ್ಲ. ಬಸ್ಸಿನ ಕ್ಯಾಮೆರಾದಲ್ಲಿ ಚಿತ್ರ ಇದೆ, ಶಬ್ದ ಇಲ್ಲ. ಹಿಂಬಾಗಿಲ ಕಡೆ ಜನ ನಿಂತು ಅಡ್ಡ ಆಗಿರುವುದರಿಂದ ಹಣ ಕೊಟ್ಟದ್ದು ಸ್ಪಷ್ಟವಾಗಿ ಕಾಣುವುದಿಲ್ಲ. ಮಷೀನಿನಲ್ಲಿ ಪೇಪರ್ ಸಿಕ್ಕಿಹಾಕಿಕೊಂಡಿತ್ತು ಎಂದು ನೀವು ಆಗಲೇ ಚೆಕ್ಕರ್‌ಗೆ ಹೇಳಿದ್ದು ಅವರ ವರದಿಯಲ್ಲೇ ಇದೆ. ಅಂಥ ತೊಂದರೆಯನ್ನು ಮಷೀನು ತಾನಾಗಿ ದಾಖಲಿಸುತ್ತದೆಯೇ ಎಂದು ಮಷೀನ್ ಕೊಟ್ಟವರನ್ನು ಕೇಳಿದ್ದೇವೆ, ಉತ್ತರ ಬಂದ ಕೂಡಲೇ ನಿಮಗೂ ಪ್ರತಿ ಕೊಡುತ್ತೇವೆ. ಅದು ತಡವಾದರೆ ನಿಮ್ಮ ಗಡುವೂ ಅಷ್ಟೇ ಮುಂದಕ್ಕೆ ಹೋಗುತ್ತದೆ. ಆ ಮಷೀನನ್ನು ಬೇರೆ ಯಾರಿಗೂ ಕೊಟ್ಟಿಲ್ಲ, ಸೀಲ್ ಮಾಡಿ ಇಟ್ಟಿದ್ದೇವೆ, ನಿಮ್ಮೆದುರೇ ತೆರೆಯೋಣ. ವಿಡಿಯೋ ಅಳಿಸದಂತೆ ಬೇರೆ ತೆಗೆದಿಟ್ಟಿದ್ದೇವೆ, ಇಡೀ ಟ್ರಿಪ್ಪಿನದ್ದು. ನಮಗೆ ಬೇಕಾದ ಎರಡು ನಿಮಿಷ ಮಾತ್ರ ಕತ್ತರಿಸಿ ತೋರಿಸುವುದಿಲ್ಲ.

ಉತ್ತರದಲ್ಲಿ ಏನು ಬರೆಯಬೇಕು ಎಂಬುದು ನಿಮಗೆ ಬಿಟ್ಟದ್ದು. ಆದರೆ ಇಷ್ಟು ವಿಷಯ ತಿಳಿದರೆ ನಮಗೆ ನಿಜ ಹುಡುಕಲು ಸುಲಭ: ಮಷೀನ್ ಕೆಟ್ಟದ್ದು ಎಲ್ಲಿ, ಯಾರಿಗಾದರೂ ಫೋನ್ ಮಾಡಿದಿರಾ, ಕೈಟಿಕೆಟಿನ ಪುಸ್ತಕ ಬ್ಯಾಗಿನಲ್ಲಿದ್ದೂ ಯಾಕೆ ಹರಿಯಲಿಲ್ಲ (ಆ ರಶ್ಶಿನಲ್ಲಿ ಆಗಲಿಲ್ಲ ಎಂದಾದರೆ ಹಾಗೆಯೇ ಬರೆಯಿರಿ, ಅದೂ ಒಂದು ಕಾರಣವೇ), ಜಾಸ್ತಿ ಇದ್ದ 240ರಲ್ಲಿ ನಿಮ್ಮ ಸ್ವಂತ ಹಣ ಇತ್ತಾ. ಟ್ರಿಪ್ ಶೀಟಿನಲ್ಲಿ ಸ್ವಂತ ಹಣದ ಜಾಗ ಖಾಲಿ ಬಿಟ್ಟಿದ್ದೀರಿ. ಅದನ್ನು ಅರ್ಧ ಜನ ಖಾಲಿಯೇ ಬಿಡುತ್ತಾರೆ ಎಂದು ನನಗೂ ಗೊತ್ತು, ಅದೊಂದರಿಂದಲೇ ನಿಮ್ಮನ್ನು ತಪ್ಪಿತಸ್ಥ ಎನ್ನುವುದಿಲ್ಲ. ಡ್ರೈವರ್ ಅಥವಾ ಪ್ರಯಾಣಿಕರು ಯಾರನ್ನಾದರೂ ನಾವು ಕೇಳಬೇಕು ಎಂದಿದ್ದರೆ ಹೆಸರು ಕೊಡಿ, ಕೇಳುತ್ತೇವೆ.

ಜನವರಿ 31, ಶನಿವಾರ ಸಂಜೆ 5ರ ಒಳಗೆ ಉತ್ತರ ಕೊಡಿ. ಸಾಲದಿದ್ದರೆ ಅದಕ್ಕೆ ಮೊದಲು ಒಂದು ಮೆಸೇಜ್ ಹಾಕಿ, ಇನ್ನೊಂದು ವಾರ ಕೊಡುತ್ತೇವೆ. ಕೈಬರಹದಲ್ಲಿ ಬರೆದು ಫೋಟೋ ತೆಗೆದು ವಾಟ್ಸಾಪ್ ಮಾಡಿದರೂ ಆಯ್ತು. ಬರೆಯುವುದು ಕಷ್ಟವಾದರೆ ಆಫೀಸಿಗೆ ಬಂದು ತುಳುವಿನಲ್ಲೇ ಹೇಳಿ, ಕ್ಲಾರ್ಕ್ ಬರೆದುಕೊಳ್ಳುತ್ತಾರೆ, ಓದಿ ಹೇಳಿದ ಮೇಲೆ ಸರಿ ಅನ್ನಿಸಿದರೆ ಮಾತ್ರ ಸಹಿ ಹಾಕಿ. ಬರುವಾಗ ಜೊತೆಗೆ ಇನ್ನೊಬ್ಬ ಕಂಡಕ್ಟರನ್ನೋ ಯೂನಿಯನ್‌ನವರನ್ನೋ ಕರೆದುಕೊಂಡು ಬನ್ನಿ. ನಿಮ್ಮ ಜೊತೆ ಬಂದದ್ದಕ್ಕೆ ಅವರ ಆ ದಿನದ ಸಂಬಳ ಕಟ್ ಆಗುವುದಿಲ್ಲ.

ಈ ನೋಟಿಸ್ ಬರೆದವನು ನಾನು, ಉತ್ತರ ಓದಿ ತೀರ್ಮಾನ ಮಾಡುವವನು ನಾನಲ್ಲ, ಚೆಕ್ಕರೂ ಅಲ್ಲ. ಮಂಗಳೂರು ಆಫೀಸಿನಲ್ಲಿರುವ ಮಾಲಕರು ಓದುತ್ತಾರೆ. ನಿಮ್ಮ ಉತ್ತರ ಸಮಾಧಾನ ಕೊಟ್ಟರೆ ವಿಷಯ ಅಲ್ಲಿಗೇ ಮುಗಿಯುತ್ತದೆ, ಹಾಗೆ ಬರೆದೂ ಕೊಡುತ್ತೇವೆ. ನೀವು ಆರೋಪ ಒಪ್ಪದೆ, ನಮಗೂ ಅನುಮಾನ ಉಳಿದರೆ ವಿಚಾರಣೆ ನಡೆಯುತ್ತದೆ, ಅದಕ್ಕೆ ನಮ್ಮಲ್ಲಿ ಕೆಲಸ ಮಾಡದ, ಹೊರಗಿನ ಒಬ್ಬ ವಕೀಲರನ್ನು ನೇಮಿಸುತ್ತೇವೆ. ಅಲ್ಲಿ ಚೆಕ್ಕರನ್ನೂ ಹೇಳಿಕೆ ಕೊಟ್ಟ ಪ್ರಯಾಣಿಕರನ್ನೂ ನೀವು ಪ್ರಶ್ನೆ ಕೇಳಬಹುದು, ನಿಮ್ಮ ಸಾಕ್ಷಿ ತರಬಹುದು. ಮೊದಲ ಆರೋಪ ಸಾಬೀತಾದರೆ ಕೆಲಸದಿಂದ ತೆಗೆಯುವ ತನಕ ಹೋಗಬಹುದು, ಇದನ್ನು ಮುಚ್ಚಿಡುವುದು ಸರಿಯಲ್ಲ. ಎರಡನೆಯದು ಮಾತ್ರ ಸಾಬೀತಾದರೆ ಅಷ್ಟು ದೂರ ಹೋಗುವುದಿಲ್ಲ. ವಿಚಾರಣೆ ಇಲ್ಲದೆ ನಿಮ್ಮನ್ನು ತೆಗೆಯುವುದಿಲ್ಲ. ಏನೂ ಉತ್ತರ ಬಾರದಿದ್ದರೆ ಒಪ್ಪಿಕೊಂಡಿರಿ ಎಂದು ತಿಳಿಯುವುದಿಲ್ಲ, ಆದರೆ ನಿಮ್ಮ ಮಾತು ಇಲ್ಲದೆಯೇ ಮುಂದಿನ ಹೆಜ್ಜೆ ಇಡಬೇಕಾಗುತ್ತದೆ.

ಅಲ್ಲಿಯ ತನಕ ನೀವು ಸಸ್ಪೆಂಡ್ ಅಲ್ಲ. ಉಡುಪಿ ಬುಕಿಂಗ್ ಕೌಂಟರಿನಲ್ಲಿ ಕೆಲಸ, ಸಂಬಳ ಮೊದಲಿನಷ್ಟೇ, ಟ್ರಿಪ್ ಬತ್ತೆ ಕಳೆದ ಮೂರು ತಿಂಗಳ ಸರಾಸರಿಯಂತೆ. ಆ 240 ರೂಪಾಯಿಯನ್ನು ಸಂಬಳದಿಂದ ಹಿಡಿಯುವುದಿಲ್ಲ. ರಾಜೀನಾಮೆ ಬರೆದುಕೊಡಿ, ಖಾಲಿ ಕಾಗದಕ್ಕೆ ಸಹಿ ಹಾಕಿ ಎಂದು ಆಫೀಸಿನಿಂದ ಯಾರಾದರೂ ಕೇಳಿದರೆ ಹಾಕಬೇಡಿ, ನೇರ ಮಾಲಕರಿಗೆ ಫೋನ್ ಮಾಡಿ. ಹಿಂದೆ ನಿಮ್ಮ ಮೇಲೆ ಬಂದ ಲೇಟ್ ದೂರುಗಳನ್ನು ಇದಕ್ಕೆ ಸೇರಿಸಿಲ್ಲ, ಮುಂದೆಯೂ ಸೇರಿಸುವುದಿಲ್ಲ.

ಚೆಕ್ಕರ್ ವರದಿ, ಇಬ್ಬರು ಪ್ರಯಾಣಿಕರ ಹೇಳಿಕೆ, ಟ್ರಿಪ್ ಶೀಟ್, ಮಷೀನಿನ ಆ ದಿನದ ಲೆಕ್ಕ, ಇವುಗಳ ಪ್ರತಿ ಈ ಪತ್ರದ ಜೊತೆಗಿದೆ. ವಿಡಿಯೋ ನೋಡಲು ಯಾವ ದಿನ ಬೇಕಾದರೂ ಬೆಳಗ್ಗೆ 10ರ ಮೇಲೆ ಬನ್ನಿ, ಭಾನುವಾರ ಮತ್ತು 26ನೇ ತಾರೀಕು ಬಿಟ್ಟು. ಪತ್ರ ತಲುಪಿದ್ದಕ್ಕೆ ರಿಜಿಸ್ಟರಿನಲ್ಲಿ ಒಂದು ಸಹಿ ಹಾಕಿ. ಅದು ಪತ್ರ ಸಿಕ್ಕಿದೆ ಎಂಬುದಕ್ಕೆ ಮಾತ್ರ, ಆರೋಪ ಒಪ್ಪಿದ್ದಕ್ಕೆ ಅಲ್ಲ.

ಟ್ರಾಫಿಕ್ ಮ್ಯಾನೇಜರ್
ಮಾಲಕರ ಪರವಾಗಿ