ಪ್ರಶ್ನಾವಳಿ ಮೌಲ್ಯಮಾಪನ: ಶಕ್ತಿ ಯೋಜನೆ ಮತ್ತು ಹಳ್ಳಿ ಹೆಣ್ಣುಮಕ್ಕಳ ದುಡಿಮೆ

ವಿದ್ಯಾರ್ಥಿನಿ: ಸವಿತಾ, ಬಿಎ ಆರನೇ ಸೆಮಿಸ್ಟರ್, ಸಮಾಜಶಾಸ್ತ್ರ, ಹುಬ್ಬಳ್ಳಿ
ನೋಡಿದ್ದು: ಕರಡು ಪ್ರಶ್ನಾವಳಿ (26 ಪ್ರಶ್ನೆ), ಮಾದರಿ ಯೋಜನೆ, ಒಪ್ಪಿಗೆ ಪತ್ರ
ಅಂಕ: ಪ್ರಶ್ನೆಗಳು 10ಕ್ಕೆ 6, ಮಾದರಿ 8ಕ್ಕೆ 3, ನೈತಿಕತೆ 7ಕ್ಕೆ 3. ಒಟ್ಟು 25ಕ್ಕೆ 12.

ಸವಿತಾ,

ವಿಷಯ ಚೆನ್ನಾಗಿ ಆರಿಸಿದ್ದೀಯ. ಅಂಕ ನೋಡಿ ಗಾಬರಿಯಾಗಬೇಡ, ಇದು ಕರಡಿಗೆ ಕೊಟ್ಟ ಅಂಕ. ತಿದ್ದಿ ತಂದರೆ ಮತ್ತೆ ನೋಡುತ್ತೇನೆ. ಆದರೆ ತಿದ್ದುವಾಗ ಪ್ರಶ್ನೆಗಳಿಂದ ಶುರುಮಾಡಬೇಡ, ಮಾದರಿಯಿಂದ ಶುರುಮಾಡು. ಅಲ್ಲಿ ಆಗಿರುವ ತಪ್ಪನ್ನು ಎಷ್ಟೇ ಒಳ್ಳೆಯ ಪ್ರಶ್ನೆ ಬರೆದರೂ ಸರಿಮಾಡಲು ಆಗುವುದಿಲ್ಲ.

ಹುಬ್ಬಳ್ಳಿಯ ಹಳೆ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ 10ರಿಂದ 1ರವರೆಗೆ ನಿಂತು 120 ಹೆಣ್ಣುಮಕ್ಕಳನ್ನು ಮಾತಾಡಿಸುವುದು ನಿನ್ನ ಯೋಜನೆ. ಇದನ್ನು ಯಾದೃಚ್ಛಿಕ ಮಾದರಿ ಎಂದು ಬರೆದಿದ್ದೀಯ. ಅಲ್ಲ. ಸಿಕ್ಕವರನ್ನು ಕೇಳಿದರೆ ಅದು ಅನುಕೂಲದ ಮಾದರಿ. ಹಾಗೆಂದು ಒಪ್ಪಿಕೊಂಡು ಬರೆದರೆ ತಪ್ಪೇನೂ ಇಲ್ಲ, ಆದರೆ ಅದರಿಂದ ಏನು ಹೇಳಬಹುದು ಎನ್ನುವುದು ಬದಲಾಗುತ್ತದೆ.

ಮೊದಲು, ನಿಲ್ದಾಣದಲ್ಲಿ ಯಾರು ಇರುವುದಿಲ್ಲ ನೋಡು. ಊರಿಗೆ ಸರಿಯಾಗಿ ಬಸ್ಸೇ ಬಾರದವರು ಇರುವುದಿಲ್ಲ. ಗದ್ದಲ ತಾಳಲಾರದೆ ಟಂಟಂ ಹತ್ತುವವರು ಇರುವುದಿಲ್ಲ. ಮನೆಯವರು ಕಳಿಸದವರೂ ಇರುವುದಿಲ್ಲ. ಅಂದರೆ ಉಚಿತ ಬಸ್ಸಿನ ಶಕ್ತಿ ಯೋಜನೆ ಯಾರಿಗೆ ತಲುಪಿಲ್ಲವೋ ಅವರೆಲ್ಲ ನಿನ್ನ ಲೆಕ್ಕದಿಂದ ಹೊರಗೆ. ನಸುಕಿನಲ್ಲೇ ಬಂದು ಕೆಲಸಕ್ಕೆ ಸೇರುವವರು 10 ಗಂಟೆಗೆ ಅಲ್ಲಿ ಎಲ್ಲಿ ಸಿಗುತ್ತಾರೆ? ನಿನ್ನ ಶೀರ್ಷಿಕೆಯಲ್ಲಿರುವುದು ಅವರ ದುಡಿಮೆಯೇ ಅಲ್ವಾ?

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಒಬ್ಬಾಕೆ ತಿಂಗಳಿಗೆ 24 ದಿನ ಬಸ್ಸಿಗೆ ಬರುತ್ತಾಳೆ. ಇನ್ನೊಬ್ಬಾಕೆ ತಿಂಗಳಿಗೊಮ್ಮೆ ಸಿದ್ಧಾರೂಢ ಮಠಕ್ಕೆ ಬಂದು ಹೋಗುತ್ತಾಳೆ. ನೀನು ಯಾವುದೋ ಒಂದು ದಿನ ನಿಂತರೆ ಮೊದಲನೆಯವಳು ಅಲ್ಲಿಗೆ ಬಂದಿರುವ ಸಾಧ್ಯತೆ 24 ಪಟ್ಟು ಜಾಸ್ತಿ. ಆಮೇಲೆ ‘ಬಹುಪಾಲು ಹೆಣ್ಣುಮಕ್ಕಳು ದಿನಾ ಬಸ್ಸು ಬಳಸುತ್ತಾರೆ’ ಎಂದು ವರದಿ ಬರೆದರೆ, ಆ ಉತ್ತರ ನೀನು ನಿಂತ ಜಾಗದಿಂದಲೇ ಬಂದದ್ದು.

ಎರಡು ದಾರಿ ಇವೆ. ಶೀರ್ಷಿಕೆಯನ್ನು ‘ಹಳೆ ಬಸ್ ನಿಲ್ದಾಣದ ಪ್ರಯಾಣಿಕರು’ ಎಂದು ಇಳಿಸು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಹೊತ್ತು ನಿಲ್ಲು, ಸಂತೆಯ ದಿನವನ್ನೂ ಬೇರೆ ದಿನವನ್ನೂ ಸೇರಿಸು. ಇಲ್ಲವೇ ಹಳ್ಳಿಗೆ ಹೋಗು. ನನ್ನ ಒಲವು ಎರಡನೆಯದಕ್ಕೆ. ಕುಂದಗೋಳ ತಾಲ್ಲೂಕಿನಲ್ಲಿ ಬಸ್ಸು ಚೆನ್ನಾಗಿರುವ ಒಂದು ಊರು, ದಿನಕ್ಕೆ ಎರಡೇ ಸಲ ಬಸ್ಸು ಬರುವ ಇನ್ನೊಂದು ಊರು ಆರಿಸು. ಒಂದು ಊರಲ್ಲಿ 420 ಮನೆ ಇದ್ದು ನಿನಗೆ 60 ಬೇಕಿದ್ದರೆ ಪ್ರತಿ ಏಳನೇ ಮನೆ. ಮೊದಲ ಮನೆ ಯಾವುದು ಎಂದು 1ರಿಂದ 7ರೊಳಗೆ ಚೀಟಿ ಎತ್ತು. ಮನೆ ಬೀಗ ಹಾಕಿದ್ದರೆ ಪಕ್ಕದ ಮನೆಗೆ ನುಗ್ಗಬೇಡ, ಸಂಜೆ ಮತ್ತೆ ಹೋಗು. ಹಗಲು ಬೀಗ ಬಿದ್ದ ಮನೆಯವರೇ ದುಡಿಯಲು ಹೋಗಿರುತ್ತಾರೆ. ಮನೆಯಲ್ಲಿ ಇಬ್ಬರು ಮೂವರು ಇದ್ದರೆ ಅಲ್ಲಿಯೂ ಚೀಟಿ, ಮಾತು ಬಲ್ಲ ಸೊಸೆಯನ್ನೇ ಆರಿಸಿಕೊಳ್ಳಬೇಡ. ನಿನ್ನ ಸ್ವಂತ ಊರು ಬೇಡ. ಪರಿಚಯದ ಹುಡುಗಿಯ ಮುಂದೆ ಯಾರೂ ಮನೆ ಲೆಕ್ಕ ಬಿಚ್ಚುವುದಿಲ್ಲ.

ಇನ್ನು ಪ್ರಶ್ನೆಗಳು. 14ನೇ ಪ್ರಶ್ನೆ, ‘ಟಿಕೆಟ್ಟಿನ ದುಡ್ಡು ಉಳಿದರೆ ಅದು ಯಾರ ಕೈಯಲ್ಲಿರುತ್ತದೆ?’ ಬಹಳ ಒಳ್ಳೆಯದು. ಇಡೀ ಪ್ರಾಜೆಕ್ಟು ಇದರ ಸುತ್ತ ಕಟ್ಟಬಹುದು. ಇದನ್ನು ಬರೆದವಳೇ 3ನೇ ಪ್ರಶ್ನೆಯನ್ನೂ ಬರೆದಳು ಎಂದರೆ ನಂಬುವುದು ಕಷ್ಟ: ‘ಸರ್ಕಾರದ ಈ ಮಹತ್ವದ ಯೋಜನೆಯಿಂದ ನಿಮಗೆ ಎಷ್ಟು ಅನುಕೂಲವಾಗಿದೆ? ತುಂಬಾ / ಸಾಕಷ್ಟು / ಸ್ವಲ್ಪ.’ ಅನುಕೂಲ ಆಗಿಲ್ಲ ಎನ್ನುವವಳು ಎಲ್ಲಿ ಗುರುತು ಹಾಕಬೇಕು? ‘ಮಹತ್ವದ’ ತೆಗೆ, ‘ಏನೂ ಬದಲಾಗಿಲ್ಲ’, ‘ತೊಂದರೆಯಾಗಿದೆ’ ಸೇರಿಸು.

8ನೇ ಪ್ರಶ್ನೆಯಲ್ಲಿ ಬಸ್ಸು ಹೊತ್ತಿಗೆ ಬರುತ್ತದೆಯೇ, ಸೀಟು ಸಿಗುತ್ತದೆಯೇ ಎಂದು ಎರಡು ಸೇರಿವೆ. ಒಡೆದು ಎರಡು ಮಾಡು. 5ರಲ್ಲಿ ಆದಾಯದ ಗುಂಪುಗಳು 5,000–10,000, 10,000–15,000. ಸರಿಯಾಗಿ ಹತ್ತು ಸಾವಿರ ದುಡಿಯುವವಳು ಎರಡರಲ್ಲೂ ಬರುತ್ತಾಳೆ. ಅದಕ್ಕಿಂತ ಮುಖ್ಯ, ಕೂಲಿಗೆ ಹೋಗುವವರಿಗೆ ತಿಂಗಳ ಆದಾಯ ಎನ್ನುವುದೇ ಇಲ್ಲ. ಹೋದ ವಾರ ಎಷ್ಟು ದಿನ ಹೋಗಿದ್ದರು, ದಿನದ ಪಗಾರ ಎಷ್ಟು ಎಂದು ಕೇಳು, ಗುಣಿಸುವುದು ನಿನ್ನ ಕೆಲಸ. ‘ನೀವು ಉದ್ಯೋಗಸ್ಥರೇ?’ ಕೂಡ ಹಾಗೆಯೇ. ದಿನವಿಡೀ ಕಳೆ ಕಿತ್ತು ಬಂದವಳೂ ‘ಇಲ್ರಿ, ಮನ್ಯಾಗ ಇರ್ತೇನಿ’ ಎಂದುಬಿಡುತ್ತಾಳೆ. ‘ಹೋದ ವಾರ ಯಾವ ಯಾವ ದಗದಕ್ಕೆ ಹೋಗಿದ್ರಿ?’ ಎಂದರೆ ಉತ್ತರ ಬರುತ್ತದೆ. ‘ಆರ್ಥಿಕ ಸಬಲೀಕರಣ’ ಇರುವ ಮೂರು ಪ್ರಶ್ನೆಗಳನ್ನು ಸುಮ್ನೆ ತೆಗೆದುಹಾಕು.

11ರಲ್ಲಿ ಯೋಜನೆಗೆ ಮುಂಚೆ ಬಸ್ಸಿಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತಿತ್ತು ಎಂದಿದ್ದೀಯ. ಅಷ್ಟು ಹಿಂದಿನ ಲೆಕ್ಕ ಯಾರಿಗೆ ನೆನಪಿರುತ್ತದೆ? ಯೋಜನೆ ಶುರುವಾದದ್ದು 2023ರ ಜೂನ್ 11ರಂದು, ಆ ವರ್ಷದ ಕಾರಹುಣ್ಣಿಮೆ ಆಗಿ ವಾರದ ಮೇಲೆ. ತಾರೀಕು ಬಿಟ್ಟು ಹಬ್ಬ ಹಿಡಿದು ಕೇಳು. ಮೊತ್ತ ಕೇಳಬೇಡ, ಆಗ ವಾರಕ್ಕೆ ಎಷ್ಟು ಸಲ ಹೋಗುತ್ತಿದ್ದರು ಎಂದು ಕೇಳು. ಹಾಗಿದ್ದರೂ ಜೂನಿನ ಬಿತ್ತನೆ ದಿನಗಳನ್ನು ಬೇಸಿಗೆಗೆ ಹೋಲಿಸಬೇಡ, ಕೂಲಿ ಹೆಚ್ಚು ಕಡಿಮೆ ಆಗುವುದು ಹಂಗಾಮಿನಿಂದಲೂ ಹೌದು.

ನೈತಿಕತೆಯ ಭಾಗಕ್ಕೆ ಬರುತ್ತೇನೆ. ಆಧಾರ್ ನಂಬರ್ ಯಾಕೆ? ಬಸ್ಸಿನಲ್ಲಿ ಕಂಡಕ್ಟರ್ ಗುರುತಿನ ಚೀಟಿ ನೋಡಿ ಶೂನ್ಯ ದರದ ಟಿಕೆಟ್ ಕೊಡುತ್ತಾರೆ, ಅದು ಅವರ ಕೆಲಸ. ನಿನಗೆ ನಂಬರೂ ಬೇಡ, ಹೆಸರೂ ಬೇಡ, ಫೋನೂ ಬೇಡ. ಕ್ರಮಸಂಖ್ಯೆ ಸಾಕು. ಉತ್ತರ ಕೊಡುವವರ ಜೊತೆ ಫೋಟೋ ತೆಗೆದು ವರದಿಗೆ ಅಂಟಿಸುವ ರೂಢಿ ಇದೆ, ಅದೂ ಬೇಡ. ವಯಸ್ಸು 15ರಿಂದ ಎಂದಿರುವುದನ್ನು 18 ಮಾಡು. ಯೋಜನೆ ಕೊಟ್ಟ ಪಕ್ಷಕ್ಕೇ ಓಟು ಹಾಕುತ್ತೀರಾ ಎನ್ನುವ 21ನೇ ಪ್ರಶ್ನೆ ಕಿತ್ತು ಹಾಕು. ಅದನ್ನು ಕೇಳಿದ ಕೂಡಲೇ ನೀನು ಯಾರ ಕಡೆಯವಳು ಎಂಬ ಅನುಮಾನ ಹುಟ್ಟುತ್ತದೆ.

ಬಸ್ಸಿನ ಕಿರುಕುಳದ ಪ್ರಶ್ನೆ ಇರಲಿ, ಆದರೆ ಆರನೆಯದಾಗಿ ಅಲ್ಲ, ಕೊನೆಗೆ. ಅತ್ತೆ, ಗಂಡ, ನೆರೆಯವರು ಹತ್ತಿರ ಇದ್ದರೆ ಕೇಳಲೇಬೇಡ. ಯಾರಾದರೂ ಹೇಳಿಕೊಂಡರೆ ಮಹಿಳಾ ಸಹಾಯವಾಣಿ 181 ತಿಳಿಸು.

ಒಪ್ಪಿಗೆ ಪತ್ರ ಒಂದು ಪುಟ ಇದೆ, ಅದರಲ್ಲಿ ಹೆಬ್ಬೆಟ್ಟು ಒತ್ತಲು ಜಾಗ ಬೇರೆ. ಹೆಬ್ಬೆಟ್ಟು ಕೇಳಿದರೆ ಜನ ಹೆದರುತ್ತಾರೆ. ಬಾಯಿಮಾತಿನ ಒಪ್ಪಿಗೆ ಸಾಕು, ಹೀಗೆ ಹೇಳು: ‘ನಾನು ಕಾಲೇಜಿನಲ್ಲಿ ಓದುವ ಹುಡುಗಿ ರೀ. ಸರ್ಕಾರದವಳಲ್ಲ, ಬಸ್ಸಿನ ಇಲಾಖೆಯವಳೂ ಅಲ್ಲ. ನೀವು ಏನೇ ಹೇಳಿದರೂ ನಿಮ್ಮ ಫ್ರೀ ಟಿಕೆಟ್ ನಿಲ್ಲೋದಿಲ್ಲ, ಹೊಸದೇನೂ ಸಿಗೋದೂ ಇಲ್ಲ. ಹೆಸರು ಬರೆದುಕೊಳ್ಳೋದಿಲ್ಲ. ಹದಿನೈದು ನಿಮಿಷ ಆಗ್ತದ. ಬ್ಯಾಡ ಅನಿಸಿದ ಪ್ರಶ್ನೆ ಬಿಡಬಹುದು, ನಡುವೆ ಎದ್ದು ಹೋಗಬಹುದು. ಕೇಳಲೇನ್ರಿ?’

ತಿದ್ದಿದ ಮೇಲೆ ಆರೇಳು ಜನರ ಹತ್ತಿರ ಮೊದಲು ಕೇಳಿ ನೋಡು. ಅವರು ಎಲ್ಲಿ ‘ಹಂಗಂದ್ರ?’ ಎಂದರು ಅನ್ನುವುದನ್ನು ಗುರುತು ಮಾಡಿಕೊಂಡು ಬಾ. ಆಗಲೇ ತುಂಬಿಸಿಕೊಂಡಿರುವ 11 ಫಾರ್ಮ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡ. ಅವುಗಳಲ್ಲಿ ಆಧಾರ್ ನಂಬರ್ ಇರುವ ಭಾಗವನ್ನು ಹರಿದು ಸುಟ್ಟುಬಿಡು, ಮೊಬೈಲಿನಲ್ಲಿ ಫೋಟೋ ಇದ್ದರೆ ಅದನ್ನೂ ಅಳಿಸು. ಹೊಸ ಪ್ರತಿ ಗುರುವಾರದೊಳಗೆ ನನ್ನ ಮೇಜಿನ ಮೇಲಿರಲಿ.