ತಟ್ಟೆಯಲ್ಲಿ ಏನಿದೆ, ಏನಿಲ್ಲ: ಗೃಹವಿಜ್ಞಾನ ತರಗತಿಗೆ ಪೋಷಕಾಂಶಗಳ ಟಿಪ್ಪಣಿ

ಪಠ್ಯದಲ್ಲಿ ಸೇಬು, ಚೀಸ್, ಬ್ರೊಕೊಲಿ ಅಂತೆಲ್ಲ ಇರುತ್ತದೆ. ನೀವೂ ಪರೀಕ್ಷೆಯಲ್ಲಿ ಅದನ್ನೇ ಬರೆದು, ಮನೆಗೆ ಹೋಗಿ ಬಂಗಡೆ ಸಾರು ಅನ್ನ ಉಣ್ಣುತ್ತೀರಿ. ಇನ್ನು ಮೇಲೆ ಉದಾಹರಣೆಗೆ ಬಂಗಡೆಯನ್ನೇ ಬರೆಯಿರಿ. ಕಾರವಾರ, ಅಂಕೋಲೆಯವರಿಗೆ ಮೀನು, ಶಿರಸಿ ಕಡೆಯಿಂದ ಬರುವವರಿಗೆ ತಂಬುಳಿ, ಸೊಪ್ಪು, ಹಾಲು. ಅಂಕ ಯಾರೂ ಕಳೆಯುವುದಿಲ್ಲ.

ಮೊದಲು ದೊಡ್ಡವು. ದಿನಕ್ಕೆ ಗ್ರಾಂ ಲೆಕ್ಕದಲ್ಲಿ ಬೇಕಾಗುವವು ಬೃಹತ್ ಪೋಷಕಾಂಶಗಳು, ಅಂದರೆ ಮ್ಯಾಕ್ರೋನ್ಯೂಟ್ರಿಯೆಂಟ್ಸ್. ಶರ್ಕರಪಿಷ್ಟ, ಪ್ರೋಟೀನ್, ಕೊಬ್ಬು. ಶರ್ಕರಪಿಷ್ಟ ಮತ್ತು ಪ್ರೋಟೀನ್ ಒಂದು ಗ್ರಾಂಗೆ 4 ಕಿಲೋಕ್ಯಾಲೊರಿ ಕೊಡುತ್ತವೆ, ಕೊಬ್ಬು 9. ಈ ಮೂರು ಅಂಕಿ ಬಾಯಿಪಾಠ ಆಗಿರಲಿ, ಲೆಕ್ಕದ ಪ್ರಶ್ನೆ ಎಲ್ಲ ಇದರ ಮೇಲೇ ನಿಂತಿದೆ.

ಶರ್ಕರಪಿಷ್ಟ ನಮಗೆ ಕಡಿಮೆ ಆಗುವುದಿಲ್ಲ, ಮೂರು ಹೊತ್ತೂ ಅಕ್ಕಿಯೇ ಅಲ್ವಾ. ಕೊಬ್ಬಿಗೆ ತೆಂಗಿನಕಾಯಿ ಇದೆ. ಅದರ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬೇ ಜಾಸ್ತಿ ಅನ್ನುವುದು ನೆನಪಿರಲಿ, ಅದಕ್ಕೇ ಎಲ್ಲ ಅಡುಗೆಗೂ ಒಂದೇ ಎಣ್ಣೆ ಬೇಡ. ತೊಂದರೆ ಇರುವುದು ಪ್ರೋಟೀನಿನಲ್ಲಿ. ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 0.83 ಗ್ರಾಂ ಬೇಕು. 50 ಕಿಲೋ ತೂಕದ ಹುಡುಗಿಗೆ ಸುಮಾರು 42 ಗ್ರಾಂ. ಮೀನು ತಿನ್ನುವವರು ಇದನ್ನು ಸುಲಭವಾಗಿ ಮುಟ್ಟುತ್ತಾರೆ. ಮೀನು ಮುಟ್ಟದ ಮನೆಯಲ್ಲಿ ಅನ್ನ, ತಂಬುಳಿ, ಉಪ್ಪಿನಕಾಯಿಯಲ್ಲೇ ಊಟ ಮುಗಿದರೆ ಕಷ್ಟ. ಪ್ರೋಟೀನ್ ಕಟ್ಟುವ ಅಮೈನೊ ಆಮ್ಲಗಳಲ್ಲಿ ಅಕ್ಕಿಯಲ್ಲಿ ಲೈಸಿನ್ ಕಡಿಮೆ, ಬೇಳೆಯಲ್ಲಿ ಮಿಥಿಯೊನಿನ್ ಕಡಿಮೆ, ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇಡ್ಲಿಗೆ ಉದ್ದು ಹಾಕುವುದರಲ್ಲಿ ಆಗುವುದೂ ಇದೇ.

ಚಿಕ್ಕ ಮಕ್ಕಳಲ್ಲಿ ಪ್ರೋಟೀನ್, ಕ್ಯಾಲೊರಿ ಕೊರತೆ ಜೋರಾದರೆ ಎರಡು ರೂಪ. ಮರಾಸ್ಮಸ್‌ನಲ್ಲಿ ಮಗು ಎಲುಬು ತೊಗಲು ಆಗುತ್ತದೆ. ಕ್ವಾಶಿಯೋರ್ಕರ್‌ನಲ್ಲಿ ಕಾಲು, ಮುಖ ಊದಿಕೊಳ್ಳುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ಕೂದಲಿನ ಬಣ್ಣ ಕೆಡುತ್ತದೆ. ಊದಿದ ಮಗುವನ್ನು ನೋಡಿ ‘ದಪ್ಪಗಿದೆ, ಚೆನ್ನಾಗಿದೆ’ ಅನ್ನುವವರು ಇರುತ್ತಾರೆ. ಕಾಲಿನ ಮೇಲೆ ಬೆರಳು ಒತ್ತಿ ನೋಡಿ, ಗುಳಿ ಬಿದ್ದು ಹಾಗೇ ನಿಂತರೆ ಅದು ನೀರು.

ಈಗ ಸಣ್ಣವು. ಮಿಲಿಗ್ರಾಂ, ಮೈಕ್ರೋಗ್ರಾಂ ಸಾಕು, ಆದರೆ ಇಲ್ಲದಿದ್ದರೆ ರೋಗ. ವಿಟಮಿನ್‌ಗಳು ಮತ್ತು ಖನಿಜಗಳು, ಒಟ್ಟಿಗೆ ಸೂಕ್ಷ್ಮ ಪೋಷಕಾಂಶಗಳು, ಮೈಕ್ರೋನ್ಯೂಟ್ರಿಯೆಂಟ್ಸ್. ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುತ್ತವೆ. ಬಿ ಗುಂಪು ಮತ್ತು ಸಿ ನೀರಿನಲ್ಲಿ.

ನೀರಿನಲ್ಲಿ ಕರಗುವುದು ಅಂದರೆ ಏನು ಅಂತ ತಿಳಿಯಲು ನಮ್ಮ ಗಂಜಿಯೂಟವೇ ಸಾಕು. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ ಒಂದು ವಿಚಿತ್ರ ನೋಡಿದರು. ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ ತಿಂದ ಕೋಳಿಗಳು ಕಾಲಿನ ಬಲ ಕಳೆದುಕೊಂಡು ಬಿದ್ದವು, ತೌಡು ಇರುವ ಅಕ್ಕಿ ಕೊಟ್ಟಾಗ ಎದ್ದು ನಿಂತವು. ಮನುಷ್ಯರಲ್ಲಿ ಇದರ ಹೆಸರು ಬೆರಿಬೆರಿ. ಕಾರಣ ತೌಡಿನಲ್ಲಿರುವ ಥಯಾಮಿನ್, ಅಂದರೆ ಬಿ1, ಸಿಗದೇ ಇರುವುದು. ಐಕ್ಮನ್‌ಗೆ 1929ರಲ್ಲಿ ನೊಬೆಲ್ ಸಿಕ್ಕಿತು. ಕುಚ್ಚಲಕ್ಕಿ ಮಾಡುವಾಗ ಭತ್ತವನ್ನು ಸಿಪ್ಪೆ ಸಮೇತ ನೆನೆಸಿ ಬೇಯಿಸುತ್ತಾರಲ್ಲ, ಆಗ ತೌಡಿನ ಬಿ1 ಸ್ವಲ್ಪ ಒಳಗೆ ಇಳಿಯುತ್ತದೆ, ಆಮೇಲೆ ಗಿರಣಿಯಲ್ಲಿ ತೌಡು ಹೋದರೂ ಬೆಳ್ತಿಗೆಗಿಂತ ಜಾಸ್ತಿ ಉಳಿಯುತ್ತದೆ. ಆದರೆ ಅನ್ನ ಬಸಿದು ತಿಳಿಯನ್ನು ಚೆಲ್ಲಿದರೆ ಅದರ ಜೊತೆ ಬಿ1 ಕೂಡ ಹೋಯಿತು. ನೀರು ಸಮೇತ ಉಣ್ಣುವ ಗಂಜಿಯಲ್ಲಿ ಅದು ತಟ್ಟೆಯಲ್ಲೇ ಇರುತ್ತದೆ. ಗಂಜಿ ಬಡವರ ಊಟ ಅಂತ ಮೂಗು ಮುರಿಯುವವರಿಗೆ ಇದನ್ನು ಹೇಳಿ.

ಕಬ್ಬಿಣ. ತರಗತಿಯಲ್ಲಿ ಹೆಚ್ಚು ಹೊತ್ತು ಇದರ ಮೇಲೇ ಕಳೆಯುತ್ತೇನೆ, ಯಾಕೆಂದರೆ ಇದು ನಿಮ್ಮದೇ ವಿಷಯ. ಗರ್ಭಿಣಿಯಲ್ಲದ ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ಈ ಲೆಕ್ಕ 100 ಮಿಲಿಲೀಟರ್ ರಕ್ತಕ್ಕೆ. ಮೆಟ್ಟಿಲು ಹತ್ತಿದರೆ ಏದುಸಿರು, ಸುಸ್ತು, ಕಣ್ಣಿನ ಕೆಳರೆಪ್ಪೆಯ ಒಳಗೆ ಬಿಳಿಚಿದ ಬಣ್ಣ. ಹರಿವೆ ಸೊಪ್ಪಿನಲ್ಲಿ ಕಬ್ಬಿಣ ಇದೆ, ಆದರೆ ಮೀನು ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಊಟದ ಜೊತೆ ಲಿಂಬೆ ಹಿಂಡಿ, ಇಲ್ಲವೇ ಒಂದು ಪೇರಲೆ ತಿನ್ನಿ, ಅದರ ವಿಟಮಿನ್ ಸಿ ಸಹಾಯ ಮಾಡುತ್ತದೆ. ಊಟ ಮುಗಿದ ಕೂಡಲೇ ಚಹಾ ಕುಡಿದರೆ ಅಷ್ಟೂ ಹಾಳು, ಒಂದು ತಾಸು ಬಿಡಿ. ಶಾಲೆ, ಅಂಗನವಾಡಿಯಲ್ಲಿ ಹದಿಹರೆಯದವರಿಗೆ ವಾರಕ್ಕೊಂದು ಕೊಡುವ ನೀಲಿ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದನ್ನು ಕಿಟಕಿಯಿಂದ ಹೊರಗೆ ಎಸೆಯುವವರು ಯಾರು ಅಂತ ನಾನು ಕೇಳುವುದಿಲ್ಲ. ಖಾಲಿ ಹೊಟ್ಟೆಗೆ ತಗೊಂಡು ವಾಕರಿಕೆ ಬಂದರೆ ಊಟದ ನಂತರ ತಗೊಳ್ಳಿ, ಅಷ್ಟೇ.

ಅಯೋಡಿನ್ ವಿಷಯದಲ್ಲಿ ಕರಾವಳಿಯವರು ತಪ್ಪು ತಿಳಿಯುತ್ತಾರೆ. ಸಮುದ್ರದ ಉಪ್ಪು ಅಂದ ಮಾತ್ರಕ್ಕೆ ಅದರಲ್ಲಿ ಸಾಕಷ್ಟು ಅಯೋಡಿನ್ ಇರುವುದಿಲ್ಲ. ಸಾಣಿಕಟ್ಟಾದ ಹರಳುಪ್ಪಾಗಲಿ ಬೇರೆ ಹರಳುಪ್ಪಾಗಲಿ, ಅಯೋಡಿನ್ ಸೇರಿಸಿದ್ದರೆ ಮಾತ್ರ ಇದೆ ಅಂತ ಲೆಕ್ಕ. ಮೀನು ತಿನ್ನುವವರಿಗೆ ಮೀನಿನಿಂದ ಸಿಗುತ್ತದೆ. ಘಟ್ಟದ ಮೇಲಿನ ಸಸ್ಯಾಹಾರಿ ಮನೆಗೆ ಅಯೋಡಿನ್ ಉಪ್ಪೇ ಆಗಬೇಕು. ಕೊರತೆಯಾದರೆ ಗಳಗಂಡ. ಗರ್ಭಿಣಿಯಲ್ಲಿ ಕೊರತೆಯಾದರೆ ಮಗುವಿನ ಬುದ್ಧಿ ಬೆಳವಣಿಗೆಗೇ ಪೆಟ್ಟು.

ಉಳಿದ ರೋಗಗಳನ್ನು ಪಟ್ಟಿಯಲ್ಲೇ ಓದಿಕೊಳ್ಳಿ. ಇಂಗ್ಲಿಷ್ ಹೆಸರೂ ಕೊಟ್ಟಿದ್ದೇನೆ, ಪ್ರಶ್ನೆಪತ್ರಿಕೆಯಲ್ಲಿ ಯಾವುದು ಬಂದರೂ ಗಾಬರಿ ಬೇಡ.

| ಕನ್ನಡ | ಇಂಗ್ಲಿಷ್ | ಮುಖ್ಯ ಪೋಷಕಾಂಶ | ಕೊರತೆಯಾದರೆ |
|---|---|---|---|
| ಕುಚ್ಚಲಕ್ಕಿ | ಪಾರ್‌ಬಾಯಿಲ್ಡ್ ರೈಸ್ | ಶರ್ಕರಪಿಷ್ಟ, ಬಿ1 | ಬೆರಿಬೆರಿ |
| ಬಂಗಡೆ | ಮ್ಯಾಕೆರೆಲ್ | ಪ್ರೋಟೀನ್, ಒಮೆಗಾ 3, ಬಿ12 | ಪ್ರೋಟೀನ್: ಕ್ವಾಶಿಯೋರ್ಕರ್ |
| ತಾರ್ಲೆ | ಸಾರ್ಡೀನ್ | ಪ್ರೋಟೀನ್, ವಿಟಮಿನ್ ಡಿ. ಮುಳ್ಳು ಸಮೇತ ತಿಂದರೆ ಕ್ಯಾಲ್ಸಿಯಂ | ಡಿ: ಮಕ್ಕಳಲ್ಲಿ ರಿಕೆಟ್ಸ್ |
| ರಾಗಿ | ಫಿಂಗರ್ ಮಿಲೆಟ್ | ಕ್ಯಾಲ್ಸಿಯಂ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ | ಎಲುಬು ದುರ್ಬಲ |
| ಹಾಲು, ಮೊಸರು | ಮಿಲ್ಕ್, ಕರ್ಡ್ | ಕ್ಯಾಲ್ಸಿಯಂ, ಬಿ2, ಬಿ12 | ಬಿ2: ಬಾಯಿಯ ಮೂಲೆ ಬಿರುಕು; ಬಿ12: ರಕ್ತಹೀನತೆ, ಕಾಲು ಜುಮ್ಮೆನ್ನುವುದು |
| ನುಗ್ಗೆ ಸೊಪ್ಪು | ಡ್ರಮ್‌ಸ್ಟಿಕ್ ಲೀವ್ಸ್ | ಬೀಟಾ ಕ್ಯಾರೊಟಿನ್, ಕ್ಯಾಲ್ಸಿಯಂ | ಎ: ಇರುಳುಗುರುಡು |
| ಪಪ್ಪಾಯಿ ಹಣ್ಣು | ಪಪಾಯ | ಬೀಟಾ ಕ್ಯಾರೊಟಿನ್, ಸಿ | ಮೇಲಿನದೇ |
| ಹರಿವೆ ಸೊಪ್ಪು | ಅಮರಂತ್ | ಕಬ್ಬಿಣ, ಫೋಲೇಟ್ | ರಕ್ತಹೀನತೆ |
| ನೆಲ್ಲಿಕಾಯಿ | ಗೂಸ್‌ಬೆರಿ | ವಿಟಮಿನ್ ಸಿ | ಸ್ಕರ್ವಿ, ವಸಡಿನಲ್ಲಿ ರಕ್ತ |
| ಶೇಂಗಾ | ಗ್ರೌಂಡ್‌ನಟ್ | ಪ್ರೋಟೀನ್, ಕೊಬ್ಬು, ನಯಾಸಿನ್ | ನಯಾಸಿನ್: ಪೆಲಾಗ್ರಾ |
| ತೆಂಗಿನಕಾಯಿ | ಕೋಕನಟ್ | ಕೊಬ್ಬು | ಇಲ್ಲಿ ಕೊರತೆಯ ಮಾತೇ ಇಲ್ಲ |

ಎರಡು ಮಾತು. ಸೊಪ್ಪಿನ ಬೀಟಾ ಕ್ಯಾರೊಟಿನ್ ಮೈಗೆ ಹತ್ತಲು ಸ್ವಲ್ಪ ಎಣ್ಣೆ ಬೇಕು, ಒಗ್ಗರಣೆ ಸುಮ್ನೆ ರುಚಿಗಲ್ಲ. ಅಪ್ಪೆಹುಳಿಯಲ್ಲಿ ಸಿ ಇದೆ ಅಂತ ಬರೆಯುವವರು, ಮಾವಿನಕಾಯಿ ಬೇಯಿಸುವಾಗ ಒಂದಷ್ಟು ಹೋಗುತ್ತದೆ ಅಂತಲೂ ಬರೆಯಿರಿ.

ಸೋಮವಾರ ಬರುವಾಗ ಎರಡು ದಿನ ಮನೆಯಲ್ಲಿ ತಿಂದದ್ದನ್ನೆಲ್ಲ ಬರೆದು ತನ್ನಿ, ಚಹಾ ಯಾವಾಗ ಕುಡಿದಿರಿ ಅನ್ನುವುದೂ ಬೇಕು. ತಿನ್ನದ ಸೇಬನ್ನು ಸೇರಿಸಬೇಡಿ. ಬರೀ ಗಂಜಿ, ಉಪ್ಪಿನಕಾಯಿ ಉಂಡಿದ್ದರೆ ಅದನ್ನೇ ಬರೆಯಿರಿ, ತರಗತಿಯಲ್ಲಿ ಮೊದಲು ಅದರ ಲೆಕ್ಕ ಹಾಕೋಣ.