ಎರಡು ಕೃಪಾಂಕ ಅಥವಾ ಸುಧಾರಣಾ ಪರೀಕ್ಷೆಗಾಗಿ ಮನವಿ

ಗೆ,
ಪ್ರಾಂಶುಪಾಲರು

ಮಾನ್ಯರೇ,

ನಾನು ಬಿ.ಎಸ್ಸಿ. ನಾಲ್ಕನೇ ಸೆಮಿಸ್ಟರ್ ವಿದ್ಯಾರ್ಥಿನಿ, ರೋಲ್ ನಂಬರ್ 47. ಈ ಸಲದ ಫಲಿತಾಂಶದಲ್ಲಿ ಸಂಖ್ಯಾಶಾಸ್ತ್ರದ ಥಿಯರಿ ಪೇಪರ್‌ನಲ್ಲಿ 80ಕ್ಕೆ 30 ಅಂಕ ಬಂದಿದೆ. ಪಾಸಾಗಲು 32 ಬೇಕು. ಇದೇ ವಿಷಯದ ಇಂಟರ್ನಲ್ಸ್‌ನಲ್ಲಿ ನನಗೆ 20ಕ್ಕೆ 17 ಇದೆ. ಉಳಿದ ಎಲ್ಲ ಪೇಪರ್‌ಗಳಲ್ಲೂ ಪಾಸಾಗಿದ್ದೇನೆ.

ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿ ನೋಡಿದೆ. ಮೌಲ್ಯಮಾಪನದ ಬಗ್ಗೆ ನನ್ನ ತಕರಾರಿಲ್ಲ. ಅಂಕಗಳ ಕೂಡಿಕೆಯೂ ಸರಿಯಾಗಿದೆ. ಏಳನೇ ಪ್ರಶ್ನೆಯ ಲೆಕ್ಕದಲ್ಲಿ ಟೇಬಲ್, ಸೂತ್ರ ಎರಡನ್ನೂ ಬರೆದಿದ್ದೇನೆ. ಕೊನೆಯ ಎರಡು ಹಂತ ಮುಗಿಸುವಷ್ಟರಲ್ಲಿ ಬೆಲ್ ಆಯಿತು. ವಿಷಯ ಗೊತ್ತಿಲ್ಲದೆ ಫೇಲಾದವಳು ನಾನಲ್ಲ ಎಂಬುದು ಆ ಪುಟ ನೋಡಿದರೆ ತಮಗೂ ತಿಳಿಯುತ್ತದೆ.

ಒಂದೇ ವಿಷಯದಲ್ಲಿ ಸ್ವಲ್ಪದರಲ್ಲಿ ತಪ್ಪಿದವರಿಗೆ ಕೃಪಾಂಕ ಕೊಡಲು ನಿಯಮದಲ್ಲಿ ಅವಕಾಶವಿದ್ದರೆ, ಆ ಎರಡು ಅಂಕ ಕೊಡಿಸಲು ಪರೀಕ್ಷಾ ವಿಭಾಗಕ್ಕೆ ಶಿಫಾರಸು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಅದು ಆಗದಿದ್ದರೆ, ಐದನೇ ಸೆಮಿಸ್ಟರ್ ಶುರುವಾಗುವ ಮೊದಲೇ ಈ ಒಂದು ಪೇಪರ್‌ಗೆ ಸುಧಾರಣಾ ಪರೀಕ್ಷೆ ಬರೆಯಲು ಅನುಮತಿ ಕೊಡಿಸಿ. ಅದರ ಶುಲ್ಕ ಕಟ್ಟಲು ಸಿದ್ಧಳಿದ್ದೇನೆ. ಮಾಮೂಲಿ ಮರುಪರೀಕ್ಷೆಗೆ ಕಾದರೆ ಒಂದು ವರ್ಷ ಸುಮ್ನೆ ಹೋಗುತ್ತದೆ. ಈ ಬಾಕಿ ಇರುವವರೆಗೆ ನನ್ನ ವಿದ್ಯಾರ್ಥಿವೇತನವೂ ನವೀಕರಣವಾಗುವುದಿಲ್ಲ. ನನಗೆ ಜಾಸ್ತಿ ಚಿಂತೆ ಇರುವುದು ಅದರದ್ದೇ, ಸರ್. ಅದಿಲ್ಲದೆ ಮುಂದಿನ ಶುಲ್ಕ ಕಟ್ಟುವುದು ಮನೆಯವರಿಗೆ ಕಷ್ಟ.

ಅಂಕಪಟ್ಟಿ, ಹಾಲ್ ಟಿಕೆಟ್ ಮತ್ತು ಉತ್ತರ ಪತ್ರಿಕೆಯ ಪ್ರತಿಗಳನ್ನು ಲಗತ್ತಿಸಿದ್ದೇನೆ. ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು ಮನವಿ ಓದಿ ಸಹಿ ಹಾಕಿದ್ದಾರೆ. ತಾವು ಕರೆದಾಗ ಬಂದು ಭೇಟಿಯಾಗುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಧೇಯ ವಿದ್ಯಾರ್ಥಿನಿ
ರೋಲ್ ನಂಬರ್ 47, ಬಿ.ಎಸ್ಸಿ. ನಾಲ್ಕನೇ ಸೆಮಿಸ್ಟರ್